ರಾತ್ರಿ ಮುಖಕ್ಕೆ ಏನು ಹಚ್ಚುತ್ತೀರಿ?

ನನ್ನ ಪಾರ್ಲರಿಗೆ ಬಂದ ಮಹಿಳೆಯೊಬ್ಬರ ಮೇಲ್ದುಟಿಗೆ ವ್ಯಾಕ್ಸ್ ಹಚ್ಚುವ ಮುನ್ನ ನಾನು ಕೇಳಿದ್ದೆ: "ಮುಖಕ್ಕೆ ಏನಾದರೂ ಕ್ರೀಮ್ ಬಳಸುತ್ತೀರಾ?" "ಇಲ್ಲ ಮೇಡಂ" ಎಂದರು. ಪಟ್ಟಿ ಎಳೆದಾಗ ಕೂದಲಿನ ಜೊತೆ ಚರ್ಮದ ಮೇಲ್ಪದರವೂ ಕಿತ್ತು ಬಂತು. ವ್ಯಾಕ್ಸ್ ಆದ ಮೇಲೆ ಕೂದಲಿದ್ದ ಕಡೆಗಳಲ್ಲಿ ಕೆಂಪು ಚುಕ್ಕೆಗಳು ಕಾಣುವುದು ಸಹಜ, ಸ್ವಲ್ಪ ಹೊತ್ತಿನಲ್ಲಿ ಅವು ಇಳಿಯುತ್ತವೆ. ಇಲ್ಲಿ ಕಂಡದ್ದು ಬೇರೆ. ಕಿರುಬೆರಳಿನ ಉಗುರಿನಷ್ಟು ಜಾಗ ನುಣುಪಾಗಿ, ಹೊಳೆಯುತ್ತ, ನೀರು ಜಿನುಗಿಸುತ್ತಿತ್ತು.

ಆಮೇಲೆ ವಿಚಾರಿಸಿದಾಗ ತಿಳಿಯಿತು: ಮೊಡವೆಗಾಗಿ ಎರಡು ತಿಂಗಳಿಂದ ಪ್ರತಿ ರಾತ್ರಿ ಅಡಾಪಲೀನ್ ಜೆಲ್ ಹಚ್ಚುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಔಷಧಿ, ಕ್ರೀಮ್ ಅಲ್ಲ. ಹಚ್ಚುತ್ತಿದ್ದದ್ದೂ ಕೆನ್ನೆಗೆ, ಗಲ್ಲಕ್ಕೆ. ಆದರೆ ಜೆಲ್ ಹರಡಿ ತುಟಿಯ ಅಂಚಿಗೂ ಸೇರುತ್ತದೆ. ಅವರು ಸುಳ್ಳು ಹೇಳಿರಲಿಲ್ಲ, ನನ್ನ ಪ್ರಶ್ನೆಯೇ ತಪ್ಪಾಗಿತ್ತು.

ತಂಪು ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಜೆಲ್ ನಿಲ್ಲಿಸಿ ಚರ್ಮವೈದ್ಯರನ್ನು ಕಾಣುವಂತೆ ಹೇಳಿದೆ. ಗಾಯ ವಾರದೊಳಗೆ ಮಾಗಿತು. ಅಲ್ಲಿ ಉಳಿದ ಕಂದು ಕಲೆ ಮಾಸಲು ಮೂರು ತಿಂಗಳು ಬೇಕಾಯಿತು. ಅಷ್ಟೂ ದಿನ ಆಕೆ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಬಿಡಲಿಲ್ಲ. ಆ ಕಲೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಅಡಾಪಲೀನ್‌ನಂಥ ರೆಟಿನಾಯ್ಡ್‌ಗಳು ಚರ್ಮದ ಹೊರಪದರದ ಸತ್ತ ಕೋಶಗಳ ಹಿಡಿತವನ್ನು ಸಡಿಲಿಸುತ್ತವೆ, ಆ ಪದರವನ್ನು ತೆಳುವಾಗಿಸುತ್ತವೆ. ಗ್ಲೈಕೋಲಿಕ್‌ನಂಥ ಆಮ್ಲಗಳೂ ಕೋಶಗಳ ನಡುವಿನ ಬೆಸುಗೆಯನ್ನೇ ಬಿಡಿಸುತ್ತವೆ. ವ್ಯಾಕ್ಸ್ ಕೂದಲಿಗಷ್ಟೇ ಅಲ್ಲ, ಚರ್ಮಕ್ಕೂ ಅಂಟುತ್ತದೆ. ಹಿಡಿತವಿಲ್ಲದ ಪದರ ಅದರೊಂದಿಗೆ ಎದ್ದು ಬರುತ್ತದೆ. ಥ್ರೆಡಿಂಗ್‌ನಲ್ಲಿ ಅಂಟು ಇಲ್ಲವೆಂದು ಧೈರ್ಯ ಮಾಡುವವರಿದ್ದಾರೆ. ದಾರ ಮತ್ತೆ ಮತ್ತೆ ಉಜ್ಜುವಾಗ ಹುಬ್ಬಿನ ಕೆಳಗಿನ ತೆಳು ಚರ್ಮ ಗೀರಿ ಸುಲಿಯುವುದನ್ನು ನಾನು ಕಂಡಿದ್ದೇನೆ. ಬ್ಲೀಚ್‌ನ ದಾರಿ ಬೇರೆ: ಅದರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯ ಹೀಗೆ ತೆಳುವಾದ ಚರ್ಮದ ಸೋರುವ ತಡೆಗೋಡೆಯ ಮೂಲಕ ಒಳಗಿಳಿದು ಸುಡುತ್ತವೆ. ಉರಿ ಎಂದ ಕೂಡಲೇ ತೊಳೆಯಬೇಕು. ನಿಗದಿತ ಹೊತ್ತು ಮುಗಿಯಲೆಂದು ಕಾಯಬಾರದು.

ಈಗ ನಾನು "ರಾತ್ರಿ ಮಲಗುವ ಮುನ್ನ ಮುಖಕ್ಕೆ ಏನು ಹಚ್ಚುತ್ತೀರಿ? ಮೊಡವೆಗೆ ಮಾತ್ರೆ ನುಂಗುತ್ತೀರಾ?" ಎಂದು ಕೇಳುತ್ತೇನೆ, ಟ್ಯೂಬಿನ ಫೋಟೊ ತೋರಿಸಲು ಹೇಳುತ್ತೇನೆ. ಟ್ರೆಟಿನಾಯಿನ್, ಅಡಾಪಲೀನ್, ರೆಟಿನಾಲ್ ಅಥವಾ ಪ್ರಬಲ ಆಮ್ಲವಿದ್ದರೆ ಕನಿಷ್ಠ ಒಂದು ವಾರ ನಿಲ್ಲಿಸಿ ಬರಲು ತಿಳಿಸುತ್ತೇನೆ, ಅದೂ ವೈದ್ಯರು ಒಪ್ಪಿದರೆ. ವಾರ ಕಳೆದರೂ ಸಿಪ್ಪೆ ಏಳುತ್ತಿದ್ದರೆ ಕೈ ಹಾಕುವುದಿಲ್ಲ. ಐಸೊಟ್ರೆಟಿನಾಯಿನ್ ಮಾತ್ರೆಗೆ ಈ ವಾರದ ಲೆಕ್ಕ ಅನ್ವಯಿಸದು. ನುಂಗುವಷ್ಟು ಕಾಲ, ನಿಲ್ಲಿಸಿದ ಮೇಲೂ ಆರು ತಿಂಗಳು ವ್ಯಾಕ್ಸ್ ಬೇಡ.

ಸಮಾರಂಭವಿದೆ ಎಂದು ಒತ್ತಾಯಿಸುವವರಿಗೆ ಹುಬ್ಬಿನ ಉದ್ದ ಕೂದಲನ್ನು ಸಣ್ಣ ಕತ್ತರಿಯಿಂದ ಒಪ್ಪ ಮಾಡಿ ಕಳಿಸುತ್ತೇನೆ. ಮೇಲ್ದುಟಿಯನ್ನು ಮುಟ್ಟುವುದಿಲ್ಲ.