ಕಾಟ್ ಬಿಡಿಸಿದ ಮೇಲೆ ಎದ್ದೆದ್ದು ಬರುವ ಮಗು

ಮಗಳಿಗೆ ಎರಡೂವರೆ ವರ್ಷವಾದಾಗ ಸುತ್ತ ಕಂಬಿಯಿರುವ ಮಕ್ಕಳ ಕಾಟ್ ಬಿಡಿಸಿದೆವು. ಮಗು ಕಂಬಿ ಹತ್ತದೆ ಇದ್ದರೆ ಮೂರರ ಹತ್ತಿರದವರೆಗೆ ಕಾಯುವುದೇ ಒಳ್ಳೆಯದು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ‘ಎದ್ದು ಬರಬಾರದು’ ಅನ್ನುವ ಮಾತು ನೆನಪಿನಲ್ಲಿ ನಿಲ್ಲುವುದಿಲ್ಲ. ಆದರೆ ನಮಗೆ ಕಾಯಲು ಆಗಲಿಲ್ಲ. ಹಾಸಿಗೆಯನ್ನು ತೀರಾ ಕೆಳಕ್ಕೆ ಇಳಿಸಿದ್ದರೂ, ಅವಳು ನಿಂತಾಗ ಕಂಬಿ ಎದೆಮಟ್ಟಕ್ಕಿಂತ ಕೆಳಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಒಂದು ಕಾಲನ್ನು ಆಚೆ ಹಾಕಿಯೇ ಬಿಟ್ಟಿದ್ದಳು. ಅಷ್ಟು ಎತ್ತರದಿಂದ ಬೀಳುವುದಕ್ಕಿಂತ ನೆಲದ ಹಾಸಿಗೆಯೇ ವಾಸಿ, ಅಲ್ವಾ?

ಮೊದಲು ಹಾಸಿಗೆಯನ್ನು ನೆಲಕ್ಕೇ ಹಾಕಿದೆವು, ಗೋಡೆಯಿಂದ ಚೆನ್ನಾಗಿ ದೂರ. ಗೋಡೆಗೂ ಹಾಸಿಗೆಗೂ ನಡುವೆ ಸಣ್ಣ ಸಂದು ಇದ್ದರೆ ಮಗು ಅದರೊಳಗೆ ಸಿಕ್ಕಿಕೊಳ್ಳಬಹುದು. ಆಮೇಲೆ ರಾತ್ರಿ ಒಬ್ಬಳೇ ಓಡಾಡಿದರೆ ಏನೇನು ಕೈಗೆ ಸಿಗುತ್ತದೆ ಅಂತ ನಾನು ಮೊಣಕಾಲೂರಿ ನೋಡಿದೆ. ಬೀರು ಮತ್ತು ಡ್ರಾಯರ್‌ ಸ್ಟ್ಯಾಂಡನ್ನು ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿದೆವು. ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತಿದರೆ ಸ್ಟ್ಯಾಂಡು ಮೈಮೇಲೇ ಬೀಳುತ್ತದೆ. ಕೆಳಗಿನ ಪ್ಲಗ್ಗಿನಲ್ಲಿದ್ದ ಸೊಳ್ಳೆ ಲಿಕ್ವಿಡ್ ಮೇಲೆ ಹೋಯಿತು. ಬಚ್ಚಲಿನ ಬಕೆಟ್ ಪ್ರತಿ ರಾತ್ರಿ ಖಾಲಿ, ಬಾಗಿಲಿಗೆ ಹೊರಗಿನಿಂದ ಚಿಲಕ. ಬಾಲ್ಕನಿಯ ಚಿಲಕ ಎತ್ತರದಲ್ಲಿ. ಅವಳ ಕೋಣೆಗೆ ಮಾತ್ರ ಚಿಲಕ ಹಾಕಲಿಲ್ಲ, ಏನಾದರೂ ಆದರೆ ಮಗು ಹೊರಗೆ ಬರಬೇಕಲ್ಲ. ಬಾಗಿಲಿಗೆ ಹಳೆಯ ಗೆಜ್ಜೆ ಕಟ್ಟಿದೆವು. ಘಲ್ ಅಂದರೆ ಎದ್ದಳು ಅಂತ ಗೊತ್ತಾಗುತ್ತಿತ್ತು.

ಗೆಜ್ಜೆ ಜಾಸ್ತಿಯೇ ಘಲ್ ಅಂದಿತು. ಪ್ರತಿ ಸಲ ನಾವು ಮಾಡಿದ್ದು ಒಂದೇ. ಲೈಟ್ ಹಾಕದೆ ಕೈ ಹಿಡಿದು ಕರೆದುಕೊಂಡು ಹೋಗಿ, "ಈಗ ಮಲಗೋ ಹೊತ್ತು ಪುಟ್ಟಿ" ಅಂದು, ಮಲಗಿಸಿ, ಹೊರಗೆ ಬರುವುದು. ಗದರುವುದಿಲ್ಲ, ಕಥೆಯಿಲ್ಲ. ಗದರಿದರೂ ಮಗುವಿಗೆ ಅದೊಂದು ಮಾತುಕತೆಯೇ. ನೀರು, ಸೂಸು ಎಲ್ಲ ಮಲಗುವ ಮೊದಲೇ ಮುಗಿಸಿರುತ್ತಿದ್ದೆವು. ಎರಡನೇ ರಾತ್ರಿ ಮೊದಲಿಗಿಂತ ಕಷ್ಟವಾಯಿತು. ಹೊಸತನ ಹೋಗಿ ಪರೀಕ್ಷೆ ಶುರುವಾಗಿತ್ತು!

ಅತ್ತೆಗೆ ಕರುಳು ಚುರುಕ್ ಅಂದು, "ಪಾಪ, ಬಾರೇ ನನ್ನ ಹತ್ರ" ಅನ್ನುತ್ತಿದ್ದರು. ಹತ್ತು ಸಲ ವಾಪಸ್ ಕಳಿಸಿ ಹನ್ನೊಂದನೇ ಸಲ ಒಪ್ಪಿದರೆ, ಮಗು ಕಲಿಯುವುದು ಹನ್ನೊಂದು ಸಲ ಏಳಬೇಕು ಅಂತ. ಹಾಗಾಗಿ ವಾಪಸ್ ಕರೆದುಕೊಂಡು ಹೋಗುವ ಕೆಲಸವನ್ನು ಸ್ವಲ್ಪ ದಿನ ಅತ್ತೆಗೇ ವಹಿಸಿದೆವು. ನಮಗಿಂತ ಅವರೇ ಗಟ್ಟಿಯಾದರು. ಜ್ವರ ಬಂದಾಗ, ಕೆಟ್ಟ ಕನಸು ಕಂಡು ಅತ್ತಾಗ ಮಾತ್ರ ಈ ನಿಯಮ ಇಲ್ಲ. ಆಗ ಪಕ್ಕದಲ್ಲೇ ಕೂರುತ್ತಿದ್ದೆವು.

ಒಂದು ವಾರದ ಮೇಲೂ ಮಲಗಿದ ಕೂಡಲೇ ಎದ್ದು ಬರುವುದು ನಿಲ್ಲದಿದ್ದಾಗ ಹಗಲಿನ ನಿದ್ದೆಯತ್ತ ನೋಡಿದೆವು. ಸಂಜೆ ನಾಲ್ಕೂವರೆಯವರೆಗೆ ಮಲಗುತ್ತಿದ್ದಳು. ಅದನ್ನು ಮೂರಕ್ಕೇ ಮುಗಿಸಿದ ಮೇಲೆ ರಾತ್ರಿ ಬೇಗ ನಿದ್ದೆ ಬರತೊಡಗಿತು. ಈಗಲೂ ಅಜ್ಜಿ ಊರಲ್ಲಿ ಎಲ್ಲರ ಜೊತೆ ಸಾಲಾಗಿ ಮಲಗಿ ಬಂದರೆ, ಒಂದೆರಡು ರಾತ್ರಿ ಮತ್ತೆ ಇದೇ ಕೆಲಸ.