ಹೆಗಲ ಮೇಲಿನ ಕೈ ತೆಗೆದ ಮೇಲೆ ಉಳಿಯುವ ಕೆಲಸ

ನಮ್ಮ ಸ್ಟುಡಿಯೋಗೆ ಬರುವ ರಿಟಚಿಂಗ್ ಕೆಲಸ ಹೆಚ್ಚುಕಮ್ಮಿ ಒಂದೇ ತರಹದ್ದು. ಮನೆಯ ಹಿರಿಯರು ತೀರಿಕೊಂಡಿರುತ್ತಾರೆ, ಹಾರ ಹಾಕಲು ಒಂಟಿ ಫೋಟೋ ಇರುವುದಿಲ್ಲ, ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಅವರನ್ನು ಬಿಡಿಸಿಕೊಡಬೇಕು. ಈ ಸಲದ ಫೋಟೋದಲ್ಲಿ ತಾಯಿಯ ಎಡಹೆಗಲ ಮೇಲೆ ಪಕ್ಕದ ಹೆಂಗಸಿನ ಕೈ ಇತ್ತು. "ಅವರು ಯಾರು ಅಂತ ನಮಗೂ ಗೊತ್ತಿಲ್ಲ ಸಾರ್, ಬೀಗರ ಕಡೆಯವರಿರಬೇಕು" ಎಂದರು ಮಗ.

ಕೈ ಮುಚ್ಚಿದ್ದು ಮೂರು ಜಾಗಗಳನ್ನು: ಹೆಗಲ ಮೇಲಿನ ಸೆರಗಿನ ನಿರಿಗೆ ಮತ್ತು ಜರಿ ಅಂಚು, ರವಿಕೆಯ ತೋಳು ಹಾಗೂ ಅದರ ಕೆಳಗಿನ ಚರ್ಮ, ಬೆರಳ ತುದಿ ತಾಗಿದ್ದ ಕುತ್ತಿಗೆಯ ಬುಡ. ಸೆರಗು ಎಡಗಡೆ ಮಾತ್ರ ಇರುವುದರಿಂದ ಬಲಹೆಗಲನ್ನು ತಿರುಗಿಸಿ ಅಂಟಿಸುವ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ. ತೋಳಿಗೆ ನಡೆಯುತ್ತದೆ, ಸೆರಗಿಗೆ ಇಲ್ಲ.

ನಾನು ಮೊದಲು ಕೈಗೆತ್ತಿಕೊಳ್ಳುವುದು ಹೆಗಲಿನ ಗೆರೆ. ಫೋಟೋಶಾಪ್‌ನ ಪೆನ್ ಟೂಲ್‌ನಲ್ಲಿ ಕುತ್ತಿಗೆಯಿಂದ ಹೆಗಲ ತುದಿಗೆ, ಅಲ್ಲಿಂದ ತೋಳಿನ ಹೊರ ಅಂಚಿಗೆ ಒಂದು ಪಾತ್ ಎಳೆಯುತ್ತೇನೆ. ಬಲಹೆಗಲಿನ ಗೆರೆಯನ್ನು ತಿರುಗಿಸಿ ಪಕ್ಕದಲ್ಲಿಟ್ಟುಕೊಳ್ಳುವುದು ಅಳತೆಗೆ ಮಾತ್ರ. ತಲೆ ಸ್ವಲ್ಪ ವಾಲಿದ್ದರೂ ಎರಡು ಹೆಗಲು ಸಮವಾಗಿರುವುದಿಲ್ಲ. ಈ ಗೆರೆ ತಪ್ಪಿದರೆ ಬಟ್ಟೆ ಎಷ್ಟು ಚೆನ್ನಾಗಿ ಬಂದರೂ ಮನೆಯವರು "ಅಮ್ಮ ಹೀಗಿರಲಿಲ್ಲ" ಅನ್ನುತ್ತಾರೆ. ಏನು ತಪ್ಪಾಗಿದೆ ಎಂದು ಹೇಳಲು ಅವರಿಗೂ ಬರುವುದಿಲ್ಲ.

ನಂತರ ತೋಳು. ಬಲ ರವಿಕೆ ತೋಳನ್ನು ಅದರ ಕೆಳಗಿನ ಚರ್ಮದ ಸಮೇತ ಹೊಸ ಲೇಯರ್‌ಗೆ ತೆಗೆದುಕೊಂಡು, ಅಡ್ಡಕ್ಕೆ ತಿರುಗಿಸಿ, ವಾರ್ಪ್‌ನಲ್ಲಿ ಪಾತ್‌ಗೆ ಹೊಂದಿಸಿದೆ. ಆದರೆ ಫ್ಲ್ಯಾಶ್ ಬಿದ್ದಿದ್ದು ಫೋಟೋದ ಎಡಗಡೆಯಿಂದ. ತಿರುಗಿಸಿದಾಗ ಹೊರ ಅಂಚು ಬೆಳಕಾಗಿ, ಮೈಗೆ ಹತ್ತಿರದ ಭಾಗ ಕಪ್ಪಾಗಿ ಕಂಡಿತು. ಇರಬೇಕಾದದ್ದು ಅದಕ್ಕೆ ಉಲ್ಟಾ. ಸಾಫ್ಟ್ ಲೈಟ್ ಮೋಡ್‌ನಲ್ಲಿ ಬೂದು ಬಣ್ಣದ ಲೇಯರ್ ಹಾಕಿ, ಬ್ರಷ್ಷಿನ ಫ್ಲೋ 5ರಿಂದ 10ರೊಳಗೆ ಇಟ್ಟು, ಕಪ್ಪು ಬಿಳುಪಿನಲ್ಲಿ ನಿಧಾನ ಸವರಿ ಬೆಳಕು ಸರಿಮಾಡಿದೆ. ಕುತ್ತಿಗೆಯ ಬುಡಕ್ಕೆ ಮಾತ್ರ ತೋಳಿನ ಚರ್ಮ ಹಾಕಬಾರದು. ಆ ವಯಸ್ಸಿನಲ್ಲಿ ಕುತ್ತಿಗೆಯ ಬಣ್ಣವೂ ಬೇರೆ, ಸುಕ್ಕು ಓಡುವ ದಿಕ್ಕೂ ಬೇರೆ. ಕುತ್ತಿಗೆಯದೇ ಇನ್ನೊಂದು ಕಡೆಯಿಂದ ತೆಗೆದುಕೊಂಡೆ.

ಸೆರಗೇ ಈ ಕೆಲಸದ ಮುಕ್ಕಾಲು ಪಾಲು. ಅದೃಷ್ಟಕ್ಕೆ ಜರಿ ಅಂಚು ಕೈಯ ಕೆಳಗೆ ಮುಂದುವರಿದು ಕಾಣುತ್ತಿತ್ತು. ಅಲ್ಲಿಂದ ಒಂದು ತುಂಡು ತೆಗೆದು, ನಿರಿಗೆಯ ಓಟಕ್ಕೆ ಬಾಗಿಸಿ ಮೇಲಕ್ಕೆ ಕೂರಿಸಿದೆ. ಅಂಚಿನ ಬುಟ್ಟಾಗಳ ನಡುವಿನ ಅಂತರ ಹೆಗಲು ಹತ್ತಿರವಾದಂತೆ ಕಡಿಮೆಯಾಗಬೇಕು, ಯಾಕೆಂದರೆ ಅಲ್ಲಿ ಬಟ್ಟೆ ಹಿಂದಕ್ಕೆ ತಿರುಗುತ್ತದೆ. ಒಂದೇ ಅಂತರದಲ್ಲಿ ಬಿಟ್ಟರೆ ಸೀರೆ ಹೆಗಲ ಮೇಲಿಲ್ಲ, ರಟ್ಟಿನ ಮೇಲೆ ಅಂಟಿಸಿದೆ ಅನ್ನಿಸುತ್ತದೆ. ಸೇರಿಕೆಗಳನ್ನು ಕ್ಲೋನ್ ಸ್ಟ್ಯಾಂಪಿನಿಂದಲೇ ಮುಚ್ಚಿದೆ, ಖಾಲಿ ಲೇಯರ್‌ನಲ್ಲಿ, `Sample` ಅನ್ನು `Current & Below`ಗೆ ಇಟ್ಟು. ಹೀಲಿಂಗ್ ಬ್ರಷ್ ಅಂಚಿನ ಹತ್ತಿರ ಬಂದರೆ ಪಕ್ಕದ ಕಡುಬಣ್ಣವನ್ನು ಎಳೆದು ಮಸಿ ಹರಡಿದ ಹಾಗೆ ಮಾಡುತ್ತದೆ; ಅದನ್ನು ಚರ್ಮದ ನಡುಭಾಗಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಕೈ ಪೂರ್ತಿ ಹೋಗಿರಲಿಲ್ಲ. ಬೆರಳು ಒತ್ತಿದ್ದ ಕಡೆಗೆ ಸುತ್ತಲಿನ ಬಟ್ಟೆಯ ಮಡಿಕೆಗಳೆಲ್ಲ ಇನ್ನೂ ಓಡುತ್ತಿದ್ದವು. ಬೆರಳಿಲ್ಲ, ಆದರೆ ರೇಷ್ಮೆ ಅಲ್ಲೇ ತಗ್ಗಿದೆ! ನೋಡುವವರ ಕಣ್ಣು ತಾನಾಗಿ ಆ ಜಾಗಕ್ಕೆ ಹೋಗುತ್ತದೆ. ಆದ್ದರಿಂದ ಕೈ ಮುಚ್ಚದೇ ಇದ್ದ ಬಟ್ಟೆಯನ್ನೂ ಒಂದು ಬೆರಳಗಲ ಹೊರಗಿನವರೆಗೆ ಬದಲಿಸಬೇಕಾಯಿತು. ಅಡ್ಡ ಮಡಿಕೆಗಳನ್ನು ತೆಗೆದು, ಹೆಗಲಿನಿಂದ ಕೆಳಕ್ಕೆ ಇಳಿಯುವ ಮಡಿಕೆ ಮಾತ್ರ ಉಳಿಸಿದೆ. ಕೈಯ ನೆರಳು ಬಿದ್ದಿದ್ದ ಕಡೆ ಬಟ್ಟೆ ನಿಜವಾದದ್ದೇ ಆದ್ದರಿಂದ ಅಳಿಸಲಿಲ್ಲ, ಕರ್ವ್ಸ್‌ನಲ್ಲಿ ಎತ್ತಿ ಮಾಸ್ಕ್ ಮಾಡಿದೆ. ಆ ಹೆಂಗಸಿನ ಹಸಿರು ರೇಷ್ಮೆಯ ಛಾಯೆ ತಾಯಿಯ ಕುತ್ತಿಗೆಗೆ ಹೊಡೆದಿತ್ತು. ಕಲರ್ ಮೋಡ್‌ನ ಲೇಯರ್‌ನಲ್ಲಿ, ಹತ್ತಿರದ ಚರ್ಮದ ಬಣ್ಣವನ್ನೇ ತೆಳ್ಳಗೆ ಸವರಿ ಅದನ್ನು ಕಳೆದೆ.

ಬಾಗಿಸಿದ ತುಂಡುಗಳು ಸುತ್ತಲಿನದಕ್ಕಿಂತ ನುಣುಪಾಗಿಬಿಡುತ್ತವೆ. ಅವುಗಳ ಮೇಲೆ ಮಾತ್ರ ಒಂದೆರಡು ಶೇಕಡಾ ನಾಯ್ಸ್ ಹಾಕಿದೆ, `Monochromatic` ಗುರುತು ಮಾಡಿ. ಆಮೇಲೆ ಇಡೀ ಚಿತ್ರವನ್ನು ಕಪ್ಪು ಬಿಳುಪು ಮಾಡಿ, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ನೋಡಿದೆ. ಬಣ್ಣ ಮುಚ್ಚಿಟ್ಟಿದ್ದ ಬೆಳಕಿನ ತಪ್ಪು ಆಗ ಹೊರಗೆ ಬರುತ್ತದೆ. ಇಲ್ಲಿ ತೋಳಿನ ಅಂಚು ಇನ್ನೂ ಒಂದು ಪಾಲು ಕಪ್ಪು ಬೇಡುತ್ತಿತ್ತು.

ಬಟ್ಟೆ, ತೋಳು, ಕುತ್ತಿಗೆ ಇಷ್ಟರವರೆಗೆ ಸರಿ. ಬೆರಳು ದವಡೆ ಅಥವಾ ಕೆನ್ನೆಯ ಮೇಲಿದ್ದರೆ ಮಾತ್ರ ನಾನು ಒಪ್ಪಿಕೊಳ್ಳುವುದಿಲ್ಲ. ಮದುವೆ ತೆಗೆದ ಫೋಟೋಗ್ರಾಫರ್ ಹತ್ತಿರ ಅದೇ ಗಳಿಗೆಯ ಹಿಂದುಮುಂದಿನ ಫ್ರೇಮ್ ಇದೆಯಾ ಕೇಳಿ ತನ್ನಿ ಎನ್ನುತ್ತೇನೆ.