ಸರಣಿ ಎಲ್ಲಿ ಸೋರುತ್ತಿದೆ? 28 ದಿನದ ಲೆಕ್ಕ ಹಾಕಿ ನೋಡಿ

ತಾರಸಿ ತೋಟದ ಬಗ್ಗೆ ಒಂಬತ್ತು ಕಂತಿನ ಯೂಟ್ಯೂಬ್ ಸರಣಿ ಅಂದುಕೊಳ್ಳಿ. ಆರು ಕಂತು ಬಂದಿವೆ, ನೋಡುವವರು ಕಮ್ಮಿಯಾಗುತ್ತಿದ್ದಾರೆ. ಮುಂದುವರಿಸಬೇಕಾ, ಉಳಿದದ್ದನ್ನು ಸೇರಿಸಿ ಒಂದೇ ವಿಡಿಯೊ ಮಾಡಬೇಕಾ, ಇಲ್ಲಿಗೇ ಮುಗಿಸಬೇಕಾ?

ಮೊದಲು ಒಟ್ಟು ವ್ಯೂಸ್ ಮರೆತುಬಿಡಿ. ಹಳೇ ಕಂತಿಗೆ ಜಾಸ್ತಿ ದಿನ ಸಿಕ್ಕಿದೆ, ವ್ಯೂಸೂ ಜಾಸ್ತಿ ಇರುತ್ತದೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಒಂದೊಂದೇ ವಿಡಿಯೊದ Analytics ತೆರೆದು, ಹಾಕಿದ ದಿನದಿಂದ 28 ದಿನಕ್ಕೆ ತಾರೀಖು ಕೊಟ್ಟು ವ್ಯೂಸ್ ಬರೆದುಕೊಳ್ಳಿ. ಕೊನೆಯ ಕಂತಿಗೆ 28 ದಿನ ತುಂಬಿಲ್ಲವಾದರೆ ಎಲ್ಲದಕ್ಕೂ ಏಳು ದಿನದ್ದೇ ತಗೊಳ್ಳಿ.

ನಮ್ಮ ತೋಟದ ಲೆಕ್ಕ ಹೀಗಿದೆ: 10,000, 5,200, 4,300, 3,300, 4,900, 2,050.

ಈಗ ಪ್ರತಿ ಕಂತನ್ನೂ ಅದರ ಹಿಂದಿನದರಿಂದ ಭಾಗಿಸಿ. ಎರಡನೆಯದರಲ್ಲಿ ಉಳಿದವರು ಶೇ 52. ಇದಕ್ಕೆ ಗಾಬರಿ ಬೇಡ. ಮೊದಲ ಕಂತನ್ನು ಸುಮ್ನೆ ಇಣುಕಿ ನೋಡಿ ಹೋಗುವವರು ಯಾವಾಗಲೂ ಇರುತ್ತಾರೆ. ಅಸಲಿ ಲೆಕ್ಕ ಮೂರನೆಯದರಿಂದ ಶುರು: ಶೇ 83, ಶೇ 77. ಐದನೆಯದರಲ್ಲಿ ಇದ್ದಕ್ಕಿದ್ದಂತೆ ಏರಿಕೆ. ಸರಣಿ ಚೇತರಿಸಿಕೊಂಡಿತು ಅಂತ ಖುಷಿಪಡುವ ಜಾಗ ಇದೇ, ಮೋಸ ಹೋಗುವ ಜಾಗವೂ ಇದೇ.

ಆ ಕಂತಿನ ವ್ಯೂಸ್ ಎಲ್ಲಿಂದ ಬಂತು ಅಂತ ನೋಡಿ. ಅದು ಬಿಳಿ ನೊಣದ ಕಂತು. 2,300 ವ್ಯೂಸ್ YouTube search ಮೂಲಕ ಬಂದಿವೆ. ಅವರು ಗಿಡಕ್ಕೆ ಔಷಧಿ ಹುಡುಕಿ ಬಂದವರು, ಸರಣಿ ನೋಡಲು ಅಲ್ಲ. ಬೇರೆ ಕಂತುಗಳಿಗೆ ಹುಡುಕಾಟದಿಂದ ಬಂದವರು ಬೆರಳೆಣಿಕೆಯಷ್ಟೇ ಅಂತಿಟ್ಟುಕೊಳ್ಳೋಣ. ಇಲ್ಲದಿದ್ದರೆ ಅಲ್ಲೂ ಕಳೆಯಬೇಕು. ಆ 2,300 ಕಳೆದರೆ ಉಳಿಯುವುದು 2,600, ಅಂದರೆ ಶೇ 79. ಆರನೆಯದನ್ನು ಈ 2,600ರಿಂದಲೇ ಭಾಗಿಸಿ, ಅದೂ ಶೇ 79.

ಅಂದರೆ ಪ್ರತಿ ಸಲ ಐದರಲ್ಲಿ ಒಬ್ಬರು ಎದ್ದು ಹೋಗುತ್ತಿದ್ದಾರೆ, ಅದು ನಿಲ್ಲುತ್ತಲೂ ಇಲ್ಲ. ಶೇ 83, 88, 93 ಅಂತ ಏರುತ್ತಿದ್ದರೆ ಖಾಯಂ ವೀಕ್ಷಕರು ನೆಲೆ ನಿಂತಿದ್ದಾರೆ ಅಂತರ್ಥ, ಧೈರ್ಯವಾಗಿ ಮುಂದುವರಿಸಬಹುದಿತ್ತು. ಇಲ್ಲಿ ಇದೇ ಇಳಿಜಾರಿನಲ್ಲಿ ಒಂಬತ್ತನೆಯದಕ್ಕೆ ಸಾವಿರದ ಆಸುಪಾಸು ಬರುತ್ತದೆ. ಅದೇ ಚಾನೆಲಿನ ಬಿಡಿ ವಿಡಿಯೊಗೆ ಅದೇ ತಿಂಗಳುಗಳಲ್ಲಿ 28 ದಿನಕ್ಕೆ 3,000 ಬರುತ್ತಿದೆ ಅನ್ನಿ. ಈ ಹೋಲಿಕೆ ತಪ್ಪಿಸಬೇಡಿ. ಬಿಡಿ ವಿಡಿಯೊಗಳೂ ಇಳಿದಿದ್ದರೆ ತಪ್ಪು ಸರಣಿಯದ್ದಲ್ಲ.

ಸೇರಿಸುವುದೋ ಮುಗಿಸುವುದೋ ಅನ್ನುವುದಕ್ಕೆ Average percentage viewed ನೋಡಿ. ಕಂತುಗಳ ಉದ್ದ ಹೆಚ್ಚುಕಮ್ಮಿ ಒಂದೇ ಇದ್ದರೆ ಮಾತ್ರ ಇದನ್ನು ನಂಬಬಹುದು. ಅದೂ ಕುಸಿಯುತ್ತಿದ್ದರೆ ಬಂದವರಿಗೇ ಬೇಸರ ಬಂದಿದೆ, ಮುಗಿಸಿ. ನಮ್ಮದರಲ್ಲಿ ಎರಡನೆಯದಕ್ಕೂ ಆರನೆಯದಕ್ಕೂ ಶೇ 50ರ ಹತ್ತಿರವೇ ಇದೆ. ಬಂದವರು ಕೂತು ನೋಡುತ್ತಿದ್ದಾರೆ, ಬರುವವರೇ ಕಮ್ಮಿ. ಹಾಗಾಗಿ ಉಳಿದ ಮೂರು ಕಂತಿನ ಸರಕನ್ನು ಒಂದೇ ವಿಡಿಯೊ ಮಾಡಿ. ಶೀರ್ಷಿಕೆಯಲ್ಲಿ 'ಭಾಗ 7' ಬೇಡ. ಹಿಂದಿನದ್ದನ್ನು ನೋಡದವರು ಅದನ್ನು ಕಂಡೇ ಹಿಂದೆ ಸರಿಯುತ್ತಾರೆ.

ಹಳೇ ಕಂತುಗಳನ್ನೂ ಸೇರಿಸುವ ಆಸೆಯಿದ್ದರೆ ಒಂದು ವಿಷಯ. ಯೂಟ್ಯೂಬಿನಲ್ಲಿ ಹಾಕಿದ ವಿಡಿಯೊವನ್ನು ಬದಲಿಸಿ ಇನ್ನೊಂದನ್ನು ಇಡಲಾಗದು. ಹೊಸದಾಗಿಯೇ ಹಾಕಬೇಕು, ಹಳೇ ವ್ಯೂಸ್, ಕಾಮೆಂಟ್ ಜೊತೆಗೆ ಬರುವುದಿಲ್ಲ. ಬಿಳಿ ನೊಣದ ಕಂತನ್ನಂತೂ ಮುಟ್ಟಲೇಬೇಡಿ.